ಮೊದಲ ಪುಟದಿಂದ ಹೋದ ಎರಡು ಸಾಲು

ಆರನೇ ಸಾಲಿನ ಪಕ್ಕದಲ್ಲಿ ವಾಣಿಶ್ರೀ ಪೆನ್ಸಿಲಿನಿಂದ '೪೩' ಎಂದು ಬರೆದಳು. ಕುಡಿಯುವ ನೀರಿನ ವರದಿಯ ನಲವತ್ತಮೂರನೇ ಪುಟದಲ್ಲಿ ಆ ಸಾಲಿಗೆ ಆಧಾರವಿತ್ತು. ಒಂದು ಪುಟದ ಸಾರಾಂಶ ಕಚೇರಿಯಿಂದ ಹೊರಗೆ ಹೋಗುವ ಮುನ್ನ ಅವಳು ತಪ್ಪದೆ ಮಾಡುವ ಕೆಲಸ ಇದು. ಪ್ರತಿ ಸಾಲಿಗೂ ಒಳಗಿನ ಪುಟದ ಸಂಖ್ಯೆ ಸಿಗಬೇಕು. ಸಿಗದ ಸಾಲು ಗಾಳಿಯಿಂದ ಬಂದದ್ದು.

ಶಿಫಾರಸುಗಳ ಭಾಗಕ್ಕೆ ಬಂದಾಗ ಪೆನ್ಸಿಲ್ ನಿಂತಿತು. 'ಒಂದು: ತಾಲ್ಲೂಕಿನಲ್ಲಿ ಹದಿನೇಳು ಹೊಸ ಶುದ್ಧ ನೀರಿನ ಘಟಕಗಳನ್ನು ಸ್ಥಾಪಿಸುವುದು.'

ನೂರ ಹನ್ನೆರಡು ಪುಟ ಹಿಂದೆ ಮುಂದೆ ತಿರುವಿದಳು. ಹದಿನೇಳು ಎಂಬ ಸಂಖ್ಯೆ ಎಲ್ಲೂ ಇರಲಿಲ್ಲ. ಅಧ್ಯಯನಕ್ಕೆಂದು ಸಂಸ್ಥೆಯವರು ನಲವತ್ತೆರಡು ಹಳ್ಳಿ ಸುತ್ತಿದ್ದರು. ನಲವತ್ತೆರಡರಲ್ಲೂ ಘಟಕವಿತ್ತು. ಆದರೂ ನೂರಕ್ಕೆ ಮೂವತ್ತೆಂಟು ಮನೆಯವರು ಆ ನೀರು ಕುಡಿಯುತ್ತಿರಲಿಲ್ಲ. ಕಾರಣ ಐವತ್ತೇಳನೇ ಪುಟದಲ್ಲಿತ್ತು: ಮೂವತ್ತೊಂದು ಘಟಕಗಳ ಬಾಗಿಲು ತೆರೆಯುವುದೇ ಒಂಬತ್ತೂವರೆಗೆ, ಮುಚ್ಚುವುದು ಐದಕ್ಕೆ. ಗಾರ್ಮೆಂಟ್ಸ್ ಬಸ್ಸು ಹೆಂಗಸರನ್ನು ಏಳಕ್ಕೆ ಕರೆದೊಯ್ದು, ದೀಪ ಹತ್ತಿದ ಮೇಲೆ ಇಳಿಸುತ್ತದೆ.

ಹಾಗೆಂದು ಎರಡು ಸಾಲು ಈ ಮೊದಲ ಪುಟದಲ್ಲೇ ಇತ್ತು. ಬರೆದವಳು ಅವಳೇ. ಈಗ ಇಲ್ಲ.

ಅವಳ ಕಣ್ಣು ತಾನಾಗಿ ಎದುರು ಗೋಡೆಗೆ ಹೋಯಿತು. ಅಲ್ಲಿ ಹೊಸ ಕ್ಯಾಲೆಂಡರ್ ತೂಗುತ್ತಿತ್ತು: ನೀಲಿ ಬಣ್ಣ, ನೀರಿನ ಹನಿ, ಫಿಲ್ಟರ್ ಯಂತ್ರ ಮಾರುವವನ ಫೋನ್ ನಂಬರು. ಹದಿನೈದು ದಿನದ ಹಿಂದೆ ಬಿಳಿ ಕಾರಿನಲ್ಲಿ ಬಂದಿದ್ದ ಮನುಷ್ಯ ತಂದುಕೊಟ್ಟದ್ದು. ದೇವರಾಜ್ ಸರ್ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂತಿದ್ದ. ಸಂಸ್ಥೆ ಕಟ್ಟಿದವರೇ ಅವರು. ಹನ್ನೆರಡು ವರ್ಷದಿಂದ ಅವಳಿಗೆ ಸಂಬಳ ಕೊಡುವವರು.

"ಏನ್ ಮೇಡಂ, ಗೋಡೆ ನೋಡ್ತಾ ಕೂತ್ಬಿಟ್ರಿ?" ಅಂಕಿಅಂಶ ತುಂಬುವ ಅಮ್ರೀನ್ ಪಕ್ಕದ ಮೇಜಿನಿಂದ ಕೇಳಿದಳು.

ವಾಣಿಶ್ರೀ ಹಾಳೆ ಅವಳತ್ತ ಸರಿಸಿದಳು. "ಓದು. ಈ ಮೂವತ್ತೆಂಟರ ಕೆಳಗೆ ಏನೋ ಇತ್ತಲ್ಲ?"

ಅಮ್ರೀನ್ ಓದಿದಳು. "ಟೈಮಿಂಗ್‌ದು! ಮಾಕಳಿದುರ್ಗದ ಗಾರ್ಮೆಂಟ್ಸ್ ಮಾರಕ್ಕ ಹೇಳಿದ್ದು. 'ನಾನು ಮನೇಲಿರೋ ಹೊತ್ತಲ್ಲಿ ಆ ಘಟಕ ಮಲಗಿರ್ತದೆ' ಅಂತ ನಗಾಡಿದ್ರಲ್ಲ." ಆಮೇಲೆ ಅವಳೂ ಕ್ಯಾಲೆಂಡರ್ ನೋಡಿದಳು. ದನಿ ತಗ್ಗಿತು. "ಅಲ್ಲಾ! ಹದಿನೇಳು ಘಟಕ ಅಂದ್ರೆ ಹದಿನೇಳು ಮೆಷಿನ್. ಯಾರೋ ಚೆನ್ನಾಗಿ ದುಡ್ಡು ತಿನ್ನಿಸಿದ್ದಾರೆ ಬಿಡಿ."

"ಸುಮ್ನಿರೇ," ಎಂದಳು ವಾಣಿಶ್ರೀ. ಆದರೆ ಅವಳ ಮನಸ್ಸು ಅದಕ್ಕೂ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು. ಕಾರು ಬಂದ ಸಂಜೆ ಸರ್ ಬಾಗಿಲು ಮುಚ್ಚಿಕೊಂಡಿದ್ದರು. ಎಂದೂ ಮುಚ್ಚದ ಬಾಗಿಲು. ಮರುದಿನ ಸಾರಾಂಶ ಎಲ್ಲಿಗೆ ಬಂತೆಂದು ಎರಡು ಸಲ ಕೇಳಿದ್ದರು. ಈಗ ಒಂದಕ್ಕೊಂದು ಗಂಟು ಬೀಳುತ್ತಿತ್ತು.

ನಾಳೆ ಹನ್ನೊಂದಕ್ಕೆ ದೇವನಹಳ್ಳಿಯ ಜಿಲ್ಲಾ ಕಚೇರಿಯಲ್ಲಿ ಸಭೆ. ಅಲ್ಲಿ ನಡೆಯುವುದು ಅವಳಿಗೆ ಗೊತ್ತು. ವರದಿ ಮೇಜಿನ ಮೇಲೆ ಮಲಗಿರುತ್ತದೆ. ದೊಡ್ಡ ಸಾಹೇಬರು ಟೀ ಆರುವಷ್ಟರಲ್ಲಿ ಮೊದಲ ಪುಟ ಓದಿ, ಶಿಫಾರಸು ಒಂದರ ಪಕ್ಕ ಗೀಟು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಹದಿನೇಳು ಹೊಸ ಘಟಕ ಬರುತ್ತವೆ. ಅವೂ ಒಂಬತ್ತೂವರೆಗೆ ಬಾಗಿಲು ತೆರೆಯುತ್ತವೆ. ಮಾರಕ್ಕ ಬೋರ್‌ವೆಲ್ಲಿನ ಗಡಸು ನೀರನ್ನೇ ಕುಡಿಯುತ್ತಾಳೆ.

"ಯಾರು ತೆಗೆದ್ರು ಅಂತ ಕಂಡುಹಿಡೀಬಹುದು ಮೇಡಂ," ಅಮ್ರೀನ್ ಕುರ್ಚಿ ಎಳೆದುಕೊಂಡು ಬಂದಳು. "ಕಂಪ್ಯೂಟರ್ ಫೈಲಲ್ಲಿ ಹಳೇ ರೂಪ ಎಲ್ಲಾ ಇರುತ್ತೆ. ಹೆಸರು, ತಾರೀಖು, ಗಂಟೆ ಸಮೇತ. ನೋಡಿ, ಇಲ್ಲಿ ಒತ್ತಬೇಕು." ಅಷ್ಟರಲ್ಲಿ ಅವಳ ಫೋನು ರಿಂಗಣಿಸಿತು. "ಅಮ್ಮೀ," ಎನ್ನುತ್ತಾ ಮೆಟ್ಟಿಲಿಗೆ ಹೋದಳು.

ಕೆಳಗಿನ ಮನೆಯ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ವಾಣಿಶ್ರೀ ಒತ್ತಿದಳು. ದಿನಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಇಪ್ಪತ್ತನೇ ತಾರೀಖು, ದೇವರಾಜ್: ಹದಿನೇಳು ಘಟಕದ ಸಾಲು ಸೇರಿದೆ. ಇದೋ ಸಿಕ್ಕಿತು ಎಂದುಕೊಂಡಳು. ಇನ್ನೂ ಹಿಂದಕ್ಕೆ ಹೋದಳು.

ಹದಿನೆಂಟನೇ ತಾರೀಖು, ಸಂಜೆ ಐದು ನಲವತ್ತೆರಡು. ಎರಡು ಸಾಲಿನ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಹೆಸರು: ವಾಣಿಶ್ರೀ.

ಮುಚ್ಚಿ ಮತ್ತೆ ತೆರೆದಳು. ಅದೇ ಹೆಸರು.

ಆಗ ನೆನಪಾಯಿತು. ಸಾರಾಂಶ ಎರಡನೇ ಪುಟಕ್ಕೆ ಚೆಲ್ಲಿತ್ತು. ಎರಡು ಸಾಲು ಹೋಗಲೇಬೇಕಿತ್ತು. ಯಾವುದು ಹೋಗಬೇಕೆಂದು ಅವಳು ಒಂದು ಕ್ಷಣವೂ ಯೋಚಿಸಿರಲಿಲ್ಲ. ಹೋದ ವರ್ಷದ ಸಭೆಯಲ್ಲಿ ಅವಳು ಹೀಗೇ ಹೆಂಗಸರ ಮಾತೊಂದನ್ನು ಓದಿದಾಗ ಎದುರಿಗಿದ್ದ ಅಧಿಕಾರಿ, "ಏನಮ್ಮಾ, ಇದು ಅಧ್ಯಯನವೋ ನಲ್ಲಿ ಹತ್ರದ ಹರಟೆಯೋ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗು ಇಷ್ಟು ದಿನ ಬೆರಳಿನಲ್ಲಿ ಅಡಗಿ ಕೂತಿತ್ತೇನೋ. ಮೂವತ್ತೊಂದು ಘಟಕ ಎಂಬ ಅಂಕಿಯೂ ಮಾರಕ್ಕನ ಮಾತಿನ ಜೊತೆಗೇ ಹೋಗಿತ್ತು.

ಪುಟದಂಚಿನಲ್ಲಿ ಇನ್ನೊಂದಿತ್ತು. ಹತ್ತೊಂಬತ್ತರಂದು ದೇವರಾಜ್ ಕೇಳಿದ್ದ ಪ್ರಶ್ನೆ: 'ಮೂವತ್ತೆಂಟಕ್ಕೆ ಕಾರಣ ಏನು? ಘಟಕ ಸಾಲದೇ?' ಅದರ ಕೆಳಗೆ, ಪರಿಹರಿಸಲಾಗಿದೆ ಎಂಬ ಗುರುತು. ಹಾಕಿದವಳು ಅವಳೇ. ಅಂದು ಹದಿನಾಲ್ಕು ಪ್ರಶ್ನೆಗಳಿದ್ದವು. ಹೆಚ್ಚಿನವು ಕಾಗುಣಿತದವು. ಟಕಟಕ ಒತ್ತಿಕೊಂಡು ಹೋಗಿದ್ದಳು. ಉತ್ತರ ಸಿಗದ ದೇವರಾಜ್ ಘಟಕ ಸಾಲದು ಎಂದೇ ತಿಳಿದು, ಜನಸಂಖ್ಯೆಯ ಲೆಕ್ಕ ಹಾಕಿ ಹದಿನೇಳು ಬರೆದಿದ್ದರು. ಆ ಪುಟ ಮಾತ್ರ ಓದಿದ ಯಾರೇ ಆದರೂ ಹಾಗೇ ಬರೆಯುತ್ತಿದ್ದರು.

ಹಾಗೆಯೇ ಇರಬೇಕು. ಅಥವಾ ಆ ಬಿಳಿ ಕಾರು...

ಅವಳು ಸಾರಾಂಶ ತೆರೆದು ಕೂತಳು. ವಿಧಾನದ ಬಗೆಗಿದ್ದ ಮೂರು ಸಾಲನ್ನು ಒಂದು ಮಾಡಿದಳು. ಜಾಗವಾಯಿತು. ಮೊದಲ ಸಂಶೋಧನೆ: ಘಟಕವಿದ್ದರೂ ನೂರಕ್ಕೆ ಮೂವತ್ತೆಂಟು ಮನೆಗೆ ಅದರ ನೀರಿಲ್ಲ, ನಲವತ್ತೆರಡರಲ್ಲಿ ಮೂವತ್ತೊಂದು ಘಟಕ ದುಡಿಯುವ ಹೆಂಗಸರು ಮನೆಯಲ್ಲಿರುವ ಹೊತ್ತಿಗೆ ಮುಚ್ಚಿರುತ್ತವೆ, ಪುಟ ೫೭. ಮೊದಲ ಶಿಫಾರಸು: ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಸಂಜೆ ಆರರಿಂದ ಒಂಬತ್ತು ತೆರೆದಿಡುವುದು, ಜವಾಬ್ದಾರಿ ಗ್ರಾಮ ಪಂಚಾಯಿತಿ, ಗಡುವು ಒಂದು ತಿಂಗಳು. ಹದಿನೇಳನ್ನು ಅಳಿಸಿದಳು.

ತಿದ್ದಿದ ಪುಟವನ್ನು ದೇವರಾಜ್ ತಮ್ಮ ಕೋಣೆಯಲ್ಲಿ ಕನ್ನಡಕ ಏರಿಸಿ ಓದಿದರು. "ಹೊಸ ಘಟಕ ತೆಗೆದೇಬಿಟ್ರಾ?"

"ವರದಿಯಲ್ಲಿ ಆಧಾರ ಇಲ್ಲ ಸರ್."

ಅವರು ತಲೆಯೆತ್ತಿ ಅವಳನ್ನೇ ನೋಡಿದರು. "ಯಾರಾದ್ರೂ ಏನಾದ್ರೂ ಹೇಳಿದ್ರಾ ನಿಮಗೆ?"

ಆ ಪ್ರಶ್ನೆಯಲ್ಲಿದ್ದದ್ದು ಭಯವೋ, ಬೇಸರವೋ, ಅಥವಾ ಹನ್ನೆರಡು ವರ್ಷ ಜೊತೆಗಿದ್ದವಳು ತಮ್ಮನ್ನು ಶಂಕಿಸಿದಳೆಂಬ ನೋವೋ, ಅವಳಿಗೆ ತಿಳಿಯಲಿಲ್ಲ. "ಮಾರಕ್ಕ ಹೇಳಿದ್ದು ಸರ್. ಮೊದಲೇ ಹೇಳಿದ್ದು. ಪುಟದಲ್ಲಿ ಬಿಟ್ಟುಹೋಗಿತ್ತು."

ಅವರು ಐವತ್ತೇಳನೇ ಪುಟ ತೆರೆದು ಬೆರಳಿಟ್ಟು ಓದಿದರು. "ಸರಿ. ಹನ್ನೊಂದು ಪ್ರತಿ ತೆಗೀರಿ."

ಹೊರಗೆ ಅಮ್ರೀನ್ ಕಾದಿದ್ದಳು. "ಸಿಕ್ತಾ ಮೇಡಂ? ಸರ್ ತಾನೇ?"

"ಸರ್ ಅಲ್ಲ ಕಣೇ."

"ಮತ್ತೆ?"

ವಾಣಿಶ್ರೀ ಮುದ್ರಣ ಯಂತ್ರದ ಗುಂಡಿ ಒತ್ತಿದಳು. ಒಂದೇ ಹಾಳೆ ಹೊರಬಂತು. ಅದು ಬಿಸಿಯಿರುವಾಗಲೇ ಮಡಿಸದೆ ಫೈಲಿನಲ್ಲಿಟ್ಟು, ಯಂತ್ರ ಆರಿಸಿದಳು.

"ಉಳಿದ ಹತ್ತು?"

"ನಾಳೆ."

ಮಾಕಳಿದುರ್ಗದ ಕಡೆಗೆ ಮೊದಲ ಬಸ್ಸು ಐದೂಮುಕ್ಕಾಲಿಗೆ. ಏಳರ ಗಾರ್ಮೆಂಟ್ಸ್ ಬಸ್ಸು ಬರುವಷ್ಟರಲ್ಲಿ, ಬಾಗಿಲು ಮುಚ್ಚಿದ ಆ ಘಟಕದ ಮುಂದೆ ನಿಂತು ಮಾರಕ್ಕನಿಗೆ ಒಂದು ಪುಟ ಓದಿ ಹೇಳಬಹುದು. ಅವಳು ತಪ್ಪು ಹಿಡಿದರೆ ತಿದ್ದಲು ಹನ್ನೊಂದರವರೆಗೂ ಹೊತ್ತಿದೆ. ವಾಣಿಶ್ರೀ ಪೆನ್ಸಿಲನ್ನು ಚೂಪುಮಾಡಿ ಚೀಲಕ್ಕೆ ಹಾಕಿಕೊಂಡಳು.