ಕೆಮ್ಮಿನ ಸಮೇತ ಬಾಯಿಪಾಠ

ಆಸ್ಪತ್ರೆಯಿಂದ ಮರಳಿದ ಕ್ಷೌರಿಕನ ಮುಖ ನೋಡಲೇಬೇಕೆಂದು ಪರದೇಶದಲ್ಲಿದ್ದ ಮಗಳು ಹಟ ಹಿಡಿದಿದ್ದಳು. ವಿಡಿಯೋ ಕಾಲ್ ಮಾಡಿದರೆ ಅವನಿಗೆ ಅವಳು ಕಾಣುತ್ತಿದ್ದಳು, ಅವಳಿಗೆ ಬರೀ ಕತ್ತಲೆ. ಕ್ಯಾಮೆರಾಕ್ಕೆ ಅನುಮತಿ ಸಿಕ್ಕಿಲ್ಲವೆಂದು ಊಹಿಸಿ, ಏನೇನು ಒತ್ತಬೇಕೆಂದು ಧ್ವನಿಸಂದೇಶ ಕಳಿಸಿದಳು.

ಕ್ಷೌರಿಕನೋ ಫೋನನ್ನು ಕಿವಿಗಿಟ್ಟೇ ಕೇಳುವವನು. ಕಿವಿಗಿಟ್ಟರೆ ಪರದೆ ಆರಿಹೋಗುತ್ತಿತ್ತು. ಹಾಗಾಗಿ ಬಾಲ್ಯದಲ್ಲಿ ಪದ್ಯ ಕಲಿತಂತೆ ಇಡೀ ಸಂದೇಶವನ್ನು, ನಡುವೆ ಬಂದ ಮಗಳ ಕೆಮ್ಮಿನ ಸಮೇತ, ಬಾಯಿಪಾಠ ಮಾಡಿದ. ಆದರೆ ಹೇಳುತ್ತಾ ಒತ್ತಹೋದರೆ ಸಾಲು ತಪ್ಪುತ್ತಿತ್ತು. ತಪ್ಪಿದರೆ ಮತ್ತೆ ಮೊದಲಿಂದ.

ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡದ ಬೀಗದಂಗಡಿಯವನಿದ್ದ. ಅವನ ಕೈಗೆ ಫೋನು ಕೊಟ್ಟ.

“ಅಣ್ಣಾ, ನಾನು ಹೇಳ್ತೀನಿ, ನೀವು ಒತ್ತಿ.”

“ನನ್ನ ಇನ್ನೊಂದು ಕೆನ್ನೆ?”

“ಅದೆಲ್ಲಿ ಓಡಿಹೋಗುತ್ತೆ?”

ಕಣ್ಣು ಮುಚ್ಚಿ ರಾಗವಾಗಿ ಶುರುಮಾಡಿದ. “ಅಪ್ಪಾ, ಸೆಟ್ಟಿಂಗ್ಸ್ ತೆಗೀರಿ. ಆ್ಯಪ್ಸ್ ಒತ್ತಿ. ನಾವು ಮಾತಾಡೋ ಆ್ಯಪ್ ಹುಡುಕಿ. ಖೊಕ್ ಖೊಕ್.”

“ಕೆಮ್ಮು ಯಾಕೆ?”

ಕ್ಷೌರಿಕ ನಿಟ್ಟುಸಿರಿಟ್ಟು ಮೊದಲಿಂದ ಹಿಡಿದ. ಈ ಸಲ ಬೀಗದಂಗಡಿಯವನು ಅಡ್ಡ ಬಾಯಿ ಹಾಕದೆ ಒತ್ತುತ್ತಾ ಹೋದ.

“ಪರ್ಮಿಷನ್ಸ್ ಒತ್ತಿ. ಕ್ಯಾಮೆರಾ ಒತ್ತಿ. ಆ್ಯಪ್ ಬಳಸುವಾಗ ಮಾತ್ರ ಅನುಮತಿಸಿ ಅಂತಿರುತ್ತೆ, ಅದನ್ನ ಒತ್ತಿ. ಆಮೇಲೆ ನಂಗೆ ವಿಡಿಯೋ ಕಾಲ್ ಮಾಡಿ.”

ಪರದೆಯ ಮೇಲೆ ಮಗಳು ಬಂದಳು. ಅವಳಿಗೆ ಕಂಡದ್ದು ನೊರೆ ಮೆತ್ತಿದ ಅರ್ಧ ಗಡ್ಡ.

“ಯಾರು ನೀವು? ಅಪ್ಪ ಎಲ್ಲಿ?”

“ಮೆಲ್ಲಗಮ್ಮಾ. ಸಾಲು ತಪ್ಪಿದ್ರೆ ಮತ್ತೆ ಮೊದಲಿಂದ ಶುರು.” ಅವನು ಫೋನನ್ನು ಕ್ಷೌರಿಕನತ್ತ ತಿರುಗಿಸಿದ.

ಕ್ಷೌರಿಕ ಕೊನೆಯ ಸಾಲಿನಲ್ಲಿದ್ದ. “ಚೆನ್ನಾಗಿದೀನಿ ಅಂತ ಬಾಯಲ್ಲಿ ಹೇಳಿದ್ರೆ ನಾನು ನಂಬಲ್ಲ ಅಪ್ಪಾ. ಮುಖ ತೋರ್ಸಿ.”

ಕಣ್ಣು ತೆರೆದ. ಮಗಳು ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

“ಸೊರಗಿದೀರಿ,” ಎಂದಳು.

“ಅದಿರಲಿ,” ಎಂದ ಅವನು. “ನಿನ್ನ ಕೆಮ್ಮು ಹೋಯ್ತಾ?”