ಗೆರೆಯಾಚೆಯ ದಮ್ಮು

ಏಕಸಂಬಿ ಊರಿನ ಶಾಲೆಯ ಮೈದಾನದಲ್ಲಿ ಸಂಜೆ ಕಬಡ್ಡಿ ಆಡುವವರು ಹದಿನಾಲ್ಕರೊಳಗಿನ ಹುಡುಗಿಯರು. ಆಡಿಸುವವರು ಅವರ ಅಪ್ಪ ಅವ್ವಂದಿರು, ಕಾಕಾಗಳು, ದಾರಿಯಲ್ಲಿ ಹೊರಟು ಸುಮ್ಮನೆ ಗಾಡಿ ನಿಲ್ಲಿಸಿದವರು. ಇಷ್ಟೂ ಮಂದಿ ಕೋಚ್‌ಗಳ ನಡುವೆ ಆ ಕೆಲಸಕ್ಕೆ ಪಗಾರ ಪಡೆಯುವವಳು ದೈಹಿಕ ಶಿಕ್ಷಕಿ ಸೀಮಾ ಒಬ್ಬಳೇ. ಅವಳ ಮಾತು ಮಾತ್ರ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಈ ಕೋಚ್‌ಗಳ ಪೈಕಿ ಹಿರಿಯರು ವಿರುಪಾಕ್ಷಪ್ಪನವರು. ಕಬ್ಬು ಇತ್ತು, ದ್ರಾಕ್ಷಿ ಇತ್ತು, ಕೈಕೆಳಗೆ ಆಳುಗಳಿದ್ದರು. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರಿಗೆ ಕೆಲಸ ಹೇಳಿ ಹೇಳಿ ಗಂಟಲು ಅದೇ ಅಳತೆಗೆ ನಿಂತುಬಿಟ್ಟಿತ್ತು. ಟಿವಿಯಲ್ಲಿ ಕಬಡ್ಡಿ ನೋಡಿ ಕಲಿತ ‘ಬೋನಸ್’ ಎಂಬ ಒಂದು ಶಬ್ದವನ್ನು ಅವರು ಮಗಳು ರೇಡಿಗೆ ಹೋದಾಗಲೆಲ್ಲ ಪ್ರಸಾದದಂತೆ ಹಂಚುತ್ತಿದ್ದರು. ಎದುರು ಅಂಗಳದಲ್ಲಿ ಆರು ಮಂದಿಯಾದರೂ ಇದ್ದರೆ ಮಾತ್ರ ಬೋನಸ್ ಗೆರೆಗೆ ಬೆಲೆ ಎಂದು ಸೀಮಾ ಎಷ್ಟು ಸಲ ಹೇಳಿದಳೋ. ಮೂರೇ ಮಂದಿ ಉಳಿದಿದ್ದರೂ ವಿರುಪಾಕ್ಷಪ್ಪನವರ ಬೋನಸ್ ನಿಲ್ಲಲಿಲ್ಲ. ಮಗಳಿಗಿಂತ ತಮಗೆ ಹೆಚ್ಚು ಗೊತ್ತು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೊತ್ತಿಲ್ಲದವರಿಗೆ ಅನುಮಾನ ಎಲ್ಲಿಂದ ಬರಬೇಕು.

ಎರಡನೆಯವಳು ದುಂಡವ್ವ. ಕುರಿ ಕಾಯುವ ಮನೆತನದ ಹೆಂಗಸು. ಹಳ್ಳದ ಆಚೆ ದಂಡೆಯ ಕುರಿಯನ್ನು ಈಚೆ ದಂಡೆಯಿಂದಲೇ ತಿರುಗಿಸುವ ದನಿ. ಮಗಳು ಭಾಗ್ಯಾ ಮೂಲೆಯಲ್ಲಿ ನಿಂತು ರೇಡರ್‌ಗಳನ್ನು ಹಿಡಿಯುವವಳು. ದುಂಡವ್ವಳಿಗೆ ಗೊತ್ತಿದ್ದದ್ದು ‘ಕಾಲ ಹಿಡಿ’ ಎಂಬ ಒಂದೇ ಉಪದೇಶ. ರೇಡರ್ ಮೂರು ಮಾರು ದೂರವಿದ್ದರೂ ಕಾಲು ಹಿಡಿಯಬೇಕು, ಎದುರು ತಂಡದವರು ಆಟ ಮುಗಿಸಿ ನೀರು ಕುಡಿಯುತ್ತಿದ್ದರೂ ಹಿಡಿಯಬೇಕು.

ಇದೆಲ್ಲ ಬರೀ ಗದ್ದಲವಾಗಿದ್ದರೆ ಸೀಮಾ ಕಿವಿಗೆ ಹತ್ತಿ ಇಟ್ಟುಕೊಂಡು ಸುಮ್ಮನಿರುತ್ತಿದ್ದಳು. ಆದರೆ ವಿರುಪಾಕ್ಷಪ್ಪನವರ ಮಗಳು ಪ್ರಾಜಕ್ತಾ ಆ ತಂಡದ ಜೀವ. ಹಾವಿನಂಥ ಮೈ, ಹೆದರದ ಕಣ್ಣು, ಸಣ್ಣ ಎದೆಯಲ್ಲಿ ದೊಡ್ಡ ದಮ್ಮು. ಅವಳಲ್ಲಿ ಕೊರತೆ ಇದ್ದದ್ದು ಒಂದೇ, ಅದೂ ಮನೆಯಲ್ಲಿ ಕಲಿಸಿದ್ದು. ಆ ಮನೆಯಲ್ಲಿ ಹಿರಿಯರು ಹೆಸರು ಹಿಡಿದು ಕರೆದರೆ ಕೈಯಲ್ಲಿ ಏನೇ ಇರಲಿ, ಮೊದಲು ‘ಹಾಂರಿ’ ಎನ್ನಬೇಕು. ಅನ್ನದಿದ್ದರೆ ಅಜ್ಜಿ ಗೌರಾಬಾಯಿ ಕೆನ್ನೆ ಹಿಂಡುತ್ತಿದ್ದರು. ನಡೆಯಲು ಕಲಿಯುವ ಮೊದಲೇ ಕಲಿತ ಪಾಠ ಅದು. ಕಬಡ್ಡಿಯಲ್ಲೋ ಎದುರಾಳಿಯ ಅಂಗಳದಲ್ಲಿದ್ದಾಗ ರೇಡರ್ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಬಿಟ್ಟು ಬೇರೇನೂ ಬರುವಂತಿಲ್ಲ. ನಡುವೆ ಒಂದು ‘ಹಾಂರಿ’ ಬಂದರೆ ದಮ್ಮು ಮುರಿದಂತೆ, ರೇಡರ್ ಔಟ್.

ಹೀಗೆ ಪ್ರಾಜಕ್ತಾ ಒಂದೇ ತಿಂಗಳಲ್ಲಿ ಮೂರು ಸಲ ಅಪ್ಪನಿಗೆ ಓಗೊಟ್ಟು ಔಟಾದಳು. ಮೂರನೇ ಸಲ ವಿರುಪಾಕ್ಷಪ್ಪನವರು ಅಂಗಳದೊಳಗೇ ನುಗ್ಗಿ ಸೀಮಾಳ ಮುಂದೆ ಬಂದು ನಿಂತರು.

“ಅಪ್ಪಗ ಓಗೊಟ್ರ ಔಟ್ ಅಂತೀರಲ್ರಿ ಬಾಯಾರ, ಎಂಥಾ ಕಾನೂನ್ರಿ ಇದು? ಸಂಸ್ಕಾರ ಬ್ಯಾಡೇನ್ರಿ ಹುಡುಗ್ರಿಗೆ?”

ಕಾನೂನು ಬದಲಿಸುವುದಕ್ಕಿಂತ ತಮ್ಮ ಬಾಯಿ ಮುಚ್ಚುವುದು ಸುಲಭ ಎಂಬ ಯೋಚನೆ ಆ ದೊಡ್ಡ ತಲೆಯೊಳಗೆ ಬರಲೇ ಇಲ್ಲ. ಅಂದು ಎಲ್ಲರೂ ಹೋದ ಮೇಲೆ ಪ್ರಾಜಕ್ತಾ ಮಂಡಿಗೆ ಕಟ್ಟಿಕೊಳ್ಳುವ ಪಟ್ಟಿ ಬಿಚ್ಚಿ ಸೀಮಾಳ ಮುಂದೆ ಇಟ್ಟಳು. ವಲಯ ಮಟ್ಟದ ಪಂದ್ಯವೊಂದನ್ನು ಆಡುತ್ತೇನೆ, ಅಲ್ಲಿಯೂ ಹೀಗೇ ಆದರೆ ಆಟ ಬಿಡುತ್ತೇನೆ, ನೀವು ಸಿಟ್ಟಾಗಬಾರದು ಎಂದಳು. ಅಳಲಿಲ್ಲ. ಅತ್ತಿದ್ದರೆ ಸೀಮಾಳಿಗೆ ಸಮಾಧಾನ ಮಾಡಲು ಏನಾದರೂ ಇರುತ್ತಿತ್ತು. ಇಂಥ ಹುಡುಗಿ ಹತ್ತು ವರ್ಷಕ್ಕೊಮ್ಮೆ ಕೈಗೆ ಸಿಗುತ್ತಾಳೆ, ಅವಳನ್ನು ಒಬ್ಬ ಗಂಟಲುಬಾಕನಿಗಾಗಿ ಕಳೆದುಕೊಳ್ಳುವುದೇ ಎಂದುಕೊಂಡಳು.

ಮೊದಲು ಪಾಲಕರ ಸಭೆ ಕರೆದಳು. ಹೊರಗಿನಿಂದ ಕೂಗಿದರೆ ಮಕ್ಕಳಿಗೆ ಗೊಂದಲವಾಗುತ್ತದೆ ಎಂದಳು. ಎಲ್ಲರೂ ತಲೆಯಾಡಿಸಿದರು. ಯಾರು ಕೂಗುತ್ತಾರೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಅದು ಪಕ್ಕದಲ್ಲಿ ಕೂತವರು. ಚಹಾ ಕುಡಿದು, ಸಭೆ ಚಲೋ ಆಯಿತೆಂದು ಹೊಗಳಿ, ಮರುದಿನ ಅದೇ ಜಾಗದಲ್ಲಿ ನಿಂತು ಅದೇ ಗಂಟಲು ತೆರೆದರು. ಆಮೇಲೆ ಅಂಗಳದಿಂದ ದೂರಕ್ಕೆ ಸುಣ್ಣದ ಗೆರೆ ಎಳೆಸಿದಳು. ಗೆರೆಯ ಹಿಂದೆ ನಿಂತವರು ಒಂದೊಂದು ರೇಡಿಗೆ ಒಂದೊಂದು ಹೆಜ್ಜೆ ಮುಂದೆ ಬಂದು, ಅರ್ಧ ಆಟಕ್ಕೆ ಸುಣ್ಣವನ್ನೆಲ್ಲ ಚಪ್ಪಲಿಗೆ ಮೆತ್ತಿಕೊಂಡು ಮತ್ತೆ ಅಂಗಳದ ಅಂಚಿಗೇ ಬಂದಿದ್ದರು. ಕೊನೆಗೆ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದು ಬರೆದಳು. ಹೂವಿನ ಚಿತ್ರಗಳು ಬಂದವು.

ದಾರಿ ತೋರಿಸಿದ್ದು ವಿರುಪಾಕ್ಷಪ್ಪನವರ ಜಂಬವೇ. ಒಂದು ಸಂಜೆ ಅವರು ಉಳಿದ ಅಪ್ಪಂದಿರ ಮುಂದೆ, ತಮ್ಮ ಕಾಲದಲ್ಲಿ ತಾವು ಹಿಡಿಯುತ್ತಿದ್ದ ದಮ್ಮನ್ನು ಈಗಿನ ಹುಡುಗರು ಕನಸಿನಲ್ಲೂ ಹಿಡಿಯಲಾರರು ಎಂದು ಕೊಚ್ಚಿಕೊಳ್ಳುತ್ತಿದ್ದರು. ಸೀಮಾ ಕೇಳಿಸಿಕೊಂಡಳು. ಹೋಗಿ ಬಹಳ ವಿನಯದಿಂದ, ಹಾಗಾದರೆ ನೋಡಿಯೇಬಿಡೋಣ ಎಂದಳು. ಮಗಳು ರೇಡಿಗೆ ಹೋದಾಗ ಅಪ್ಪನೂ ಇಲ್ಲಿ ನಿಂತು ದಮ್ಮು ಹಿಡಿದು ಕಬಡ್ಡಿ ಅನ್ನಬೇಕು, ಮಗಳು ನಡುಗೆರೆ ಮುಟ್ಟುವವರೆಗೆ ಬಿಡಬಾರದು. ಮಗಳು ಹಿಡಿಯುವವಳಾದರೆ ಎದುರಾಳಿ ಬಂದು ಹೋಗುವವರೆಗೆ. ಯಾರ ದಮ್ಮು ಮುರಿಯಿತೋ ಅವರು ಆ ದಿನ ಗೇಟಿನ ಹೊರಗೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. “ನಾ ಹಿಡಿತೀನ್ರಿ” ಎಂದು ದುಂಡವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದ ಮೇಲೆ ಹಿಂದೆ ಸರಿಯಲು ಯಾರ ಮೀಸೆಯೂ ಒಪ್ಪಲಿಲ್ಲ. ಅದು ತಮ್ಮ ಬಾಯಿಗೆ ಹಾಕಿದ ಬೀಗ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬುದ್ಧಿವಂತರಾಗಿದ್ದರೆ ಬೀಗವೇ ಬೇಕಿರಲಿಲ್ಲವಲ್ಲ.

ಆಮೇಲಿನ ಸಂಜೆಗಳು ಸೀಮಾಳ ನೌಕರಿಯಲ್ಲೇ ಸುಖದ ಸಂಜೆಗಳು. ಅಂಗಳದಂಚಿನಲ್ಲಿ ಘನವಂತರು ಸಾಲಾಗಿ ನಿಂತು, ಕತ್ತಿನ ನರ ಉಬ್ಬಿಸಿ, ಬದನೆಕಾಯಿ ಬಣ್ಣಕ್ಕೆ ತಿರುಗಿ ಕಬಡ್ಡಿ ಕಬಡ್ಡಿ ಎಂದು ಗೊಣಗುತ್ತಿದ್ದರು. ದ್ರಾಕ್ಷಿಯ ಸಾಹುಕಾರರು ನಾಲ್ಕನೇ ರೇಡಿಗೆ ಕೆಮ್ಮಿ ಗೇಟಿನ ಹೊರಗೆ ಹೋದರು, ದುಂಡವ್ವ ಕೊನೆಯವರೆಗೂ ಅಲುಗಲಿಲ್ಲ. ಮರುದಿನ ಅದೇ ವಿರುಪಾಕ್ಷಪ್ಪನವರು ಬೆಳಿಗ್ಗೆ ತೋಟದಲ್ಲಿ ದಮ್ಮಿನ ತಾಲೀಮು ಮಾಡಿ ಬಂದಿದ್ದರು. ಇತ್ತ ಹುಡುಗಿಯರು ಮೊದಲ ಬಾರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತೆ ಆಡಿದರು. ಪ್ರಾಜಕ್ತಾಳ ಕಾಲಲ್ಲಿ ಹಳೆಯ ಚುರುಕು ಬಂತು. ಸೀಮಾ ಅವಳ ಪಟ್ಟಿಯನ್ನು ಅವಳಿಗೇ ವಾಪಸ್ಸು ಕೊಟ್ಟಳು.

ವಲಯ ಪಂದ್ಯದ ದಿನ ಮೈದಾನ ತುಂಬಿತ್ತು. ಎದುರು ಪಕ್ಕದೂರಿನ ತಂಡ. ಮೊದಲರ್ಧದ ನಡುವೆ ಅಂಪೈರ್ ಜ್ಞಾನದೇವ ಸೀಟಿ ಊದಿ ಆಟ ನಿಲ್ಲಿಸಿ ಸೀಮಾಳ ಬಳಿ ಬಂದರು. ಕಬಡ್ಡಿ ಅನ್ನುತ್ತಿರುವುದು ನಿಮ್ಮ ರೇಡರೋ ಈ ಹಿರಿಯರೋ ನನಗೆ ತಿಳಿಯುತ್ತಿಲ್ಲ, ಸದ್ದು ಮಾಡಿದರೆ ಕಾರ್ಡ್ ನಿಮಗೇ ಕೊಡಬೇಕಾಗುತ್ತದೆ ಎಂದರು. ಅಂಪೈರ್ ರೇಡರಿನ ದಮ್ಮು ಕಿವಿಯಿಂದಲೇ ಹಿಡಿಯಬೇಕು, ಅವರು ಹೇಳಿದ್ದು ನ್ಯಾಯ. ಸೀಮಾ ಪಾಲಕರಿಗೆ ತುಟಿಯಲ್ಲೇ ಅನ್ನಿ, ಸದ್ದು ಹೊರಡಕೂಡದು ಎಂದಳು. ಅದು ಇನ್ನೂ ಕಷ್ಟ ಎಂದು ವಿರುಪಾಕ್ಷಪ್ಪನವರು ಹೆಮ್ಮೆಯಿಂದ ಒಪ್ಪಿಕೊಂಡರು.

ಎರಡನೇ ಅರ್ಧ ಮುಗಿಯುವ ಹೊತ್ತಿಗೆ ಏಕಸಂಬಿ ಒಂದು ಪಾಯಿಂಟ್ ಹಿಂದೆ ಇತ್ತು. ಕೊನೆಯ ರೇಡು ಪ್ರಾಜಕ್ತಾಳದ್ದು. ಇಬ್ಬರನ್ನು ಮುಟ್ಟಿದರೆ ಗೆಲುವು. ಅವಳು ಅವಸರ ಮಾಡಲಿಲ್ಲ. ಬಲಮೂಲೆಯವಳನ್ನು ಆಚೀಚೆ ಆಡಿಸಿ, ಎಡಕ್ಕೆ ಹೊರಳಿ, ಒಂದು ಕೈ ಬೀಸಿ ಒಬ್ಬಳ ಭುಜ ಮುಟ್ಟಿದಳು. ಅದೇ ತಿರುವಿನಲ್ಲಿ ಕಾಲು ಚಾಚಿ ಇನ್ನೊಬ್ಬಳ ಮಂಡಿ ಮುಟ್ಟಿದಳು. ಇನ್ನು ನಡುಗೆರೆ ಒಂದೇ ಬಾಕಿ. ಪ್ರಾಜಕ್ತಾ ತಿರುಗಿದ್ದಳು, ಓಡುತ್ತಿದ್ದಳು, ಅವಳ ಕಬಡ್ಡಿ ಕಬಡ್ಡಿ ಮೈದಾನಕ್ಕೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಗೆರೆಗೆ ಎರಡು ಹೆಜ್ಜೆ ಇರುವಾಗ ವಿರುಪಾಕ್ಷಪ್ಪನವರ ದಮ್ಮು ಒಡೆಯಿತು.

“ಪ್ರಾಜಕ್ತಾ, ಹಿಂದ ಬಾ ಬೇ!”

“ಹಾಂರಿ ಅಪ್ಪಾ.”

ಸೀಟಿ ಮೊಳಗಿತು. ಜ್ಞಾನದೇವರ ಕೈ ಎದುರಾಳಿಯ ಕಡೆ ಎದ್ದಿತು. ಮುಟ್ಟಿದ ಇಬ್ಬರೂ ಲೆಕ್ಕಕ್ಕೆ ಇಲ್ಲ, ರೇಡರ್ ಔಟ್, ಆಟ ಮುಗಿಯಿತು. ಹಿಂದೆ ಬರುತ್ತಿದ್ದ ಮಗಳಿಗೆ ಹಿಂದೆ ಬಾ ಎಂದು ಹೇಳಿ ಆ ಮಹಾನುಭಾವರು ಪಂದ್ಯ ಸೋಲಿಸಿದ್ದರು. ಈ ಭೂಮಿಯ ಮೇಲೆ ಅಷ್ಟು ಬೇಡವಾದ ಸಲಹೆಯನ್ನು ಅಷ್ಟು ದುಬಾರಿಯಾಗಿ ಇನ್ನಾರೂ ಕೊಟ್ಟಿರಲಾರರು.

ಕೊಟ್ಟವರಿಗೆ ನಾಚಿಕೆಯಾಯಿತೇ? ಅವರು ಅಂಪೈರ್ ಕಡೆ ಹೊರಟರು. ಗೆರೆ ಮುಟ್ಟಿದ ಮೇಲೆ ಓಗೊಟ್ಟಿದ್ದಾಳೆ, ನಾನು ಕಣ್ಣಾರೆ ನೋಡಿದ್ದೇನೆ ಎಂದರು. ಜ್ಞಾನದೇವ ಜಗ್ಗದಿದ್ದಾಗ ಸೀಮಾಳ ಕಡೆ ತಿರುಗಿ, ಈ ದಮ್ಮಿನ ಹುಚ್ಚಾಟವೇ ಎಲ್ಲಕ್ಕೂ ಕಾರಣ, ಮಕ್ಕಳಿಗೆ ಕಲಿಸುವುದು ಬಿಟ್ಟು ದೊಡ್ಡವರನ್ನು ಕುಣಿಸಿದಿರಿ ಎಂದರು. ಉಳಿದ ಅಪ್ಪಂದಿರೂ ಹೌದೌದು ಎಂದರು. ಸೀಮಾಳ ಕಣ್ಣು ಅಂಗಳದ ನಡುವೆ ಇನ್ನೂ ನಿಂತೇ ಇದ್ದ ಪ್ರಾಜಕ್ತಾಳ ಮೇಲಿತ್ತು. ಆ ಹುಡುಗಿ ಬಗ್ಗಿ ಮಂಡಿಯ ಪಟ್ಟಿಗೆ ಕೈ ಹಾಕಿದ್ದಳು. ಹೋಯಿತು, ಮುಗಿಯಿತು ಎಂದುಕೊಂಡಳು ಸೀಮಾ. ಸೋತದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಇದಕ್ಕಿತ್ತು.

ಪ್ರಾಜಕ್ತಾ ಪಟ್ಟಿಯನ್ನು ಬಿಚ್ಚಲಿಲ್ಲ. ಜಾರಿದ್ದನ್ನು ಮೇಲಕ್ಕೆ ಎಳೆದುಕೊಂಡು ಸೀದಾ ಅಪ್ಪನ ಮುಂದೆ ಬಂದು ನಿಂತಳು. ದನಿ ಏರಿಸಲಿಲ್ಲ.

“ದಮ್ಮು ನಿಮ್ದು ಹೋತ್ರಿ ಅಪ್ಪಾ,” ಎಂದಳು. “ಔಟ್ ನಾ ಆದ್ನಿ.”

ಸುತ್ತ ನಿಂತವರ ಹೌದೌದು ನಿಂತುಹೋಯಿತು. ದುಂಡವ್ವ ಕೂಡ ಯಾರ ಕಾಲನ್ನೂ ಹಿಡಿ ಎನ್ನಲಿಲ್ಲ. ಕಬ್ಬಿನ ಆಳುಗಳಿಗೂ ಅಂಪೈರ್‌ಗಳಿಗೂ ಸಾಕಾಗುವಷ್ಟು ಮಾತು ಇಟ್ಟುಕೊಂಡಿದ್ದ ಮನುಷ್ಯನಿಗೆ ಹದಿಮೂರು ವರ್ಷದ ಹುಡುಗಿಗೆ ಕೊಡಲು ಒಂದು ಮಾತು ಸಿಗಲಿಲ್ಲ. ವಿರುಪಾಕ್ಷಪ್ಪನವರನ್ನು ಹಾಗೆ ನೋಡಿದ ಸೀಮಾಳಿಗೆ ಕನಿಕರ ಬರಬೇಕಿತ್ತು, ಬರಲಿಲ್ಲ.

ಪ್ರಾಜಕ್ತಾ ಸೀಮಾಳ ಕಡೆ ತಿರುಗಿ, ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಎಂದು ಕೇಳಿದಳು. ಎಂದಿನಂತೆ ಐದಕ್ಕೆ ಎಂದಳು ಸೀಮಾ. ಹುಡುಗಿ ನೀರಿನ ಬಾಟಲಿ ತೆಗೆದುಕೊಂಡು ಹೊರಟಳು. ಹಿಂದಿನಿಂದ ವಿರುಪಾಕ್ಷಪ್ಪನವರು ಕೇಳಿದರು. ಅವರ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಟದ್ದನ್ನು ಊರಿನವರು ಯಾರೂ ಕೇಳಿರಲಿಲ್ಲ.

“ನಾ ಬರಬೇಕೋ ಬ್ಯಾಡೋ?”

ಪ್ರಾಜಕ್ತಾ ತಕ್ಷಣ ಓಗೊಡಲಿಲ್ಲ. ಬಾಟಲಿಯ ನೀರು ಕುಡಿದು ಮುಗಿಸಿ, ಮುಚ್ಚಳ ತಿರುವಿ, ಬಾಯಿ ಒರೆಸಿಕೊಂಡಳು.

“ಯೋಚನಿ ಮಾಡಿ ಹೇಳ್ತೀನ್ರಿ,” ಎಂದಳು.