ಕೇಳದೆ ಹಾಕಿದ ಟ್ಯಾಗ್

ಕೇಕ್ ಅಂಗಡಿ ಚಿಕ್ಕಮ್ಮನದು, ಅದರ ಪೇಜು ನನ್ನ ಕೈಯಲ್ಲಿ. ಆರ್ಡರ್ ಫಾರ್ಮಿನ ಕೊನೆಯಲ್ಲಿ ‘ಫೋಟೊ ಹಾಕಬಹುದೇ? ಟ್ಯಾಗ್ ಮಾಡಬಹುದೇ?’ ಎಂದು ಸೇರಿಸಿದವಳೂ ನಾನೇ. ಹೇಳದೆ ಕೇಳದೆ ಯಾರನ್ನೂ ಟ್ಯಾಗ್ ಮಾಡುವವರಲ್ಲ ನಾವು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ಶುಕ್ರವಾರ ಕನ್ನಡಕದ ನರ್ಸೊಬ್ಬಳು ಗೆಳತಿಗಾಗಿ ಕೇಕ್ ಹೇಳಿ, ಎರಡಕ್ಕೂ ಟಿಕ್ ಹಾಕಿದಳು. ‘ಹೊಸ ಕೆಲಸಕ್ಕೆ ಶುಭಾಶಯ’ ಎಂದು ಬರೆಸಿದಳು. ಗೆಳತಿ ಯಾವ ಆಸ್ಪತ್ರೆಗೆ ಹೋಗುತ್ತಾಳೆ ಎಂದು ನಾನೇ ಕೆದಕಿ ಕೇಳಿದೆ. ಸಂಜೆ ಅವಳು ಕಳಿಸಿದ ಫೋಟೊದಲ್ಲಿ ಗೆಳತಿ ಸಮವಸ್ತ್ರದಲ್ಲೇ ನಿಂತು ಕೇಕ್ ಕತ್ತರಿಸುತ್ತಿದ್ದಳು. ಆ ಗೆಳತಿಯ ಖಾತೆ ಹುಡುಕಿ ಟ್ಯಾಗ್ ಮಾಡಿದೆ. ಹೊಸ ಆಸ್ಪತ್ರೆಯನ್ನೂ ಟ್ಯಾಗ್ ಮಾಡಿದೆ. ಅವರ ಪೇಜ್ ನೋಡುವವರು ಸಾವಿರಾರು ಮಂದಿ, ನಾಲ್ಕು ಜನ ನಮ್ಮ ಕಡೆಗೂ ಬರಲಿ ಎಂಬ ಆಸೆ.

ಅರ್ಧ ಗಂಟೆಯಲ್ಲಿ ಕನ್ನಡಕದವಳ ಫೋನು.

“ಅಯ್ಯೋ, ತೆಗೀರಿ ಅದನ್ನ! ಅವಳಿನ್ನೂ ರಾಜೀನಾಮೆ ಕೊಟ್ಟಿಲ್ಲ. ಹೊಸ ಆಸ್ಪತ್ರೆಯಿಂದ ಲೆಟರ್ ಕೂಡ ಕೈಗೆ ಬಂದಿಲ್ಲ.”

“ನೀವೇ ಟಿಕ್ ಹಾಕಿದ್ರಲ್ಲ?”

“ನನ್ನನ್ನ ಟ್ಯಾಗ್ ಮಾಡ್ತೀರೇನೋ ಅನ್ಕೊಂಡೆ! ಅವಳನ್ನ ಕೇಳಿದ್ರಾ?”

ಕೇಳಿರಲಿಲ್ಲ. ಕೇಕ್ ಹೇಳಿದವಳ ಒಪ್ಪಿಗೆಯನ್ನು ತಿನ್ನುವವಳ ಒಪ್ಪಿಗೆ ಎಂದುಕೊಂಡಿದ್ದೆ. ಟ್ಯಾಗ್ ತೆಗೆದೆ, ಪೋಸ್ಟನ್ನೇ ಅಳಿಸಿದೆ. ಆದರೆ ಅಷ್ಟರಲ್ಲಿ ಫೋಟೊ ಗೆಳತಿಯ ಪ್ರೊಫೈಲಿನಲ್ಲಿ ಕಾಣಿಸಿಕೊಂಡು, ಅದರ ಸ್ಕ್ರೀನ್‌ಶಾಟ್ ಅವಳ ಈಗಿನ ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಫೋನಿಗೆ ತಲುಪಿತ್ತು. ಅದನ್ನು ಅಳಿಸುವ ಗುಂಡಿ ನನ್ನ ಹತ್ತಿರ ಇರಲಿಲ್ಲ.

“ಕ್ಷಮೆ ಕೇಳಿ ಒಂದು ಪೋಸ್ಟ್ ಹಾಕು, ಅವಳನ್ನ ಟ್ಯಾಗ್ ಮಾಡು,” ಎಂದರು ಚಿಕ್ಕಮ್ಮ.

“ಚಿಕ್ಕಮ್ಮಾ, ಉರಿಯೋ ಬೆಂಕಿಗೆ ತುಪ್ಪ ಸುರೀಬೇಡಿ!”

ಕೇಕ್ ಕತ್ತರಿಸಿದ ಆ ಗೆಳತಿಗೇ ಮೆಸೇಜ್ ಮಾಡಿ, ಮೇಟ್ರನ್ ಎದುರು ಬಂದು ತಪ್ಪು ನನ್ನದೆಂದು ಹೇಳಲೇ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ‘ಬನ್ನಿ’ ಎಂದಷ್ಟೇ ಬಂತು.

ಮರುದಿನ ಮೇಟ್ರನ್ ಕೋಣೆ. ಕಿಟಕಿ ಮುಚ್ಚಿತ್ತು. ಗೆಳತಿ ಗೋಡೆಗೆ ಆತು ನಿಂತಿದ್ದಳು. ನಾನು ಒಂದೇ ಉಸಿರಿಗೆ ಒಪ್ಪಿಸಿದೆ.

“ಮೇಡಂ, ಇವರಿಗೆ ಏನೂ ಗೊತ್ತಿರಲಿಲ್ಲ. ಇವರನ್ನ ಕೇಳದೆ ನಾನೇ ಟ್ಯಾಗ್ ಮಾಡ್ದೆ. ಪೂರ್ತಿ ನನ್ನದೇ ತಪ್ಪು.”

ಮೇಟ್ರನ್ ಸಿಟ್ಟಾಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

“ಟ್ಯಾಗ್ ಮಾಡಿದ್ದು ನಿಮ್ಮ ತಪ್ಪು, ಸರಿಯಮ್ಮ. ಕೇಕ್ ಮೇಲೆ ಬರೆದಿದ್ದು ಸುಳ್ಳಾ?”

ಸುಳ್ಳು ಎಂದರೆ ಅವಳ ಪರವಾಗಿ ನಾನು ಸುಳ್ಳಾಡಬೇಕು. ನಿಜ ಎಂದರೆ ಅವಳೇ ಇನ್ನೂ ಹೇಳದ ಮಾತನ್ನು ಎರಡನೆಯ ಸಲ ನಾನೇ ಹೇಳಿದಂತೆ. ಅವಳ ಕಡೆ ನೋಡಿದೆ.

“ಈಗ ಯಾಕೆ ನನ್ನ ಮುಖ ನೋಡ್ತೀರಾ?” ಎಂದಳು ಅವಳು, ಮೆಲ್ಲಗೆ. “ಆವತ್ತು ಕೇಳ್ಬೇಕಿತ್ತು.”

ಮೇಟ್ರನ್ ಒಂದು ಬಿಳಿ ಹಾಳೆ ಅವಳ ಕಡೆಗೆ ತಳ್ಳಿ, “ರಾಜೀನಾಮೆ ಬರಿಯಮ್ಮ,” ಎಂದರು.